‘ಹೋಲ್ಡ್‌ನಲ್ಲಿದೆ’ ಅಂದ ಕಂಪನಿಗೆ ಬರೀ ಫೋನ್ ಮಾಡುತ್ತಾ ಕೂತರೆ ಏನಾಗುತ್ತೆ

ತೂಬಿನಕೆರೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದ ಮಂಡ್ಯದ ಹುಡುಗನೊಬ್ಬನಿಗೆ ಮೈಸೂರಿನ ಹೆಬ್ಬಾಳದ ಕಡೆಯ ಕಂಪನಿಯೊಂದರಲ್ಲಿ ಮೂರು ಸುತ್ತಿನ ಇಂಟರ್‌ವ್ಯೂ ಮುಗಿಯಿತು. ಎಚ್‌ಆರ್ ಫೋನ್ ಮಾಡಿ, ‘ನೀವು ಸೆಲೆಕ್ಟ್ ಆಗಿದ್ದೀರಿ ಸರ್, ಆಫರ್ ಲೆಟರ್ ಎರಡು ದಿನದಲ್ಲಿ ಬರುತ್ತೆ, ನೋಟಿಸ್ ಬೇಗ ಹಾಕಿಬಿಡಿ’ ಅಂದರು. ಫೆಬ್ರವರಿ 3ಕ್ಕೆ ರಾಜೀನಾಮೆ ಹೋಯಿತು. ನೋಟಿಸ್ 60 ದಿನ, ಅಂದರೆ ಕೊನೆಯ ದಿನ ಏಪ್ರಿಲ್ 4. ಅದೇ ವಾರ ಮೇಟಗಳ್ಳಿಯಲ್ಲಿ ಬಾಡಿಗೆ ಮನೆಗೆ 40,000 ರೂಪಾಯಿ ಅಡ್ವಾನ್ಸ್ ಬೇರೆ ಕೊಟ್ಟ. ಫೆಬ್ರವರಿ 12ಕ್ಕೆ ಎರಡು ಸಾಲಿನ ಮೇಲ್ ಬಂತು: ಹೈರಿಂಗ್ ಫ್ರೀಜ್ ಆಗಿದೆ, ಈ ಹುದ್ದೆ ಸದ್ಯಕ್ಕೆ ಹೋಲ್ಡ್‌ನಲ್ಲಿದೆ.

ಮುಂದಿನ ಮೂರು ವಾರ ಅವನು ಮಾಡಿದ್ದು ಫೋನ್ ಒಂದೇ, ಹನ್ನೊಂದು ಸಲ. ಮೊದಲ ಏಳು ಸಲವೂ ‘ಸ್ವಲ್ಪ ದಿನ ಕಾಯಿರಿ ಸರ್, ಕ್ಯಾನ್ಸಲ್ ಏನೂ ಆಗಿಲ್ಲ’ ಅನ್ನುವ ಒಂದೇ ಉತ್ತರ. ಎಂಟನೇ ಸಲದಿಂದ ಆಚೆ ಕಡೆ ಫೋನ್ ಎತ್ತುವುದೂ ನಿಂತಿತು. ಮಾರ್ಚ್ 10ರ ಹೊತ್ತಿಗೆ ಹಳೆ ಕಾರ್ಖಾನೆ ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿತು. ಏಪ್ರಿಲ್ ಕೊನೆಗೆ ಹೆಬ್ಬಾಳದ ಹುದ್ದೆ ಮತ್ತೆ ತೆರೆಯಿತು. ಆದರೆ ಆ ಕಂಪನಿಯದೇ ಇನ್ನೊಂದು ಘಟಕದವರು ವರ್ಗಾವಣೆ ತೆಗೆದುಕೊಂಡು ಬಂದು ಕೂತರು.

ಆಫರ್ ಲೆಟರ್ ಕೈಗೆ ಬರುವ ಮೊದಲೇ ನೋಟಿಸ್ ಹಾಕಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಚ್ಚು ನಷ್ಟವಾದದ್ದು ಫೆಬ್ರವರಿ 12ರ ಆಮೇಲೆ. ಆ ದಿನ ನೋಟಿಸ್‌ನಲ್ಲಿ ಇನ್ನೂ 51 ದಿನ ಬಾಕಿ ಇತ್ತು. ಹಳೆ ಕಂಪನಿ ಬದಲಿ ಹುಡುಕಲು ಶುರು ಮಾಡಿತ್ತಷ್ಟೇ. ರಾಜೀನಾಮೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಮ್ಯಾನೇಜರಿಗೂ ಎಚ್‌ಆರ್‌ಗೂ ಒಟ್ಟಿಗೆ ಒಂದು ಮೇಲ್ ಹಾಕಿದ್ದರೆ ಒಪ್ಪುವ ಸಾಧ್ಯತೆ ಚೆನ್ನಾಗಿತ್ತು, ಯಾಕೆಂದರೆ ಕೆಲಸ ಗೊತ್ತಿರುವವನನ್ನು ಉಳಿಸಿಕೊಳ್ಳುವುದು ಅವರಿಗೂ ಸಲೀಸು. ಬದಲಿಯವರಿಗೆ ಆಫರ್ ಹೋದಮೇಲೆ ಆ ಬಾಗಿಲು ಮುಚ್ಚಿದ ಹಾಗೆಯೇ. ಆದ್ದರಿಂದ ಹೋಲ್ಡ್ ಮೇಲ್ ಬಂದರೆ ಮೊದಲು ಓಡಬೇಕಾದದ್ದು ಹಳೆ ಕಂಪನಿಯ ಮ್ಯಾನೇಜರ್ ಹತ್ತಿರ, ಹೊಸ ಕಂಪನಿಯ ಎಚ್‌ಆರ್ ಹತ್ತಿರ ಅಲ್ಲ. ಮುಜುಗರ ಆಗುತ್ತೆ ನಿಜ. ಎರಡು ದಿನದ ಮುಜುಗರ ನುಂಗಿಕೊಂಡರೆ ತಿಂಗಳ ಸಂಬಳ ಉಳಿಯುತ್ತೆ.

ಇನ್ನು ಆ ಹನ್ನೊಂದು ಫೋನು ಯಾಕೆ ದಂಡ ಅನ್ನುವುದಕ್ಕೆ ಬರೋಣ. ಫ್ರೀಜ್ ಅಂದರೆ ಹೊಸಬರನ್ನು ತೆಗೆದುಕೊಳ್ಳಲು ಬೇಕಾದ ಮಂಜೂರಾತಿಯನ್ನು ಮೇಲಿನವರು ತಡೆಹಿಡಿದಿದ್ದಾರೆ ಅಂತ. ಆ ತೀರ್ಮಾನ ಹಣಕಾಸಿನವರದು, ಕೆಲವು ಕಂಪನಿಗಳಲ್ಲಿ ಬೇರೆ ಊರಿನ, ಬೇರೆ ದೇಶದ ಮುಖ್ಯ ಕಚೇರಿಯದು. ಫೋನ್ ಎತ್ತುವ ರಿಕ್ರೂಟರ್‌ಗೆ ಫ್ರೀಜ್ ತೆರವು ಯಾವಾಗ ಅಂತ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಬಾಯಿ ಬಿಡುವಂತಿಲ್ಲ. ಎಷ್ಟೋ ಕಡೆ ಆ ರಿಕ್ರೂಟರೇ ಗುತ್ತಿಗೆ ಮೇಲೆ ಇರುತ್ತಾರೆ, ಫ್ರೀಜ್ ಬಂದಾಗ ಮೊದಲು ಮನೆಗೆ ಹೋಗುವವರೂ ಅವರೇ. ಹಾಗಾಗಿ ಅವರೊಬ್ಬರ ಮೊಬೈಲ್ ನಂಬರ್ ನೆಚ್ಚಿಕೊಳ್ಳಬಾರದು. ಇಂಟರ್‌ವ್ಯೂ ಮಾಡಿದ ಮ್ಯಾನೇಜರ್ ಹೆಸರು, ರಿಕ್ವಿಸಿಷನ್ ನಂಬರ್ ಅಂದರೆ ಆ ಹುದ್ದೆಯ ಮಂಜೂರಾತಿಗೆ ಕಂಪನಿ ಕೊಟ್ಟ ನಂಬರ್, ಎಚ್‌ಆರ್ ವಿಭಾಗದ ಸಾಮಾನ್ಯ ಮೇಲ್ ವಿಳಾಸ, ಈ ಮೂರೂ ಬರೆದಿಟ್ಟುಕೊಂಡಿರಬೇಕು.

ಮೇಲ್ ಬಂದ ಎರಡು ದಿನದೊಳಗೆ ಒಂದೇ ಒಂದು ಉತ್ತರ ಬರೆಯಿರಿ, ಕಾಲು ಪುಟ ದಾಟದ ಹಾಗೆ. ಅದರಲ್ಲಿ ನಾಲ್ಕು ಪ್ರಶ್ನೆ ಇದ್ದರೆ ಸಾಕು. ಈ ಹುದ್ದೆಯ ರಿಕ್ವಿಸಿಷನ್ ರದ್ದಾಗಿದೆಯೇ, ತಡೆಯಲ್ಲಿದೆಯೇ? ಇದು ಕೆಲಸ ಬಿಟ್ಟವರ ಜಾಗಕ್ಕೋ, ಹೊಸದಾಗಿ ಸೃಷ್ಟಿಸಿದ್ದೋ? ಮುಂದಿನ ಪರಿಶೀಲನೆ ಯಾವ ತಿಂಗಳು? ನನ್ನ ಇಂಟರ್‌ವ್ಯೂ ಫಲಿತಾಂಶ ಎಲ್ಲಿಯವರೆಗೆ ಲೆಕ್ಕಕ್ಕೆ ಬರುತ್ತೆ?

ಎರಡನೇ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ, ಹೆಚ್ಚು ವಿಷಯ ಬಿಟ್ಟುಕೊಡುವುದು ಅದೇ. ಬಿಟ್ಟವರ ಜಾಗ ಆದರೆ ಆ ಕೆಲಸ ಇವತ್ತೂ ಯಾರದೋ ತಲೆ ಮೇಲೆ ಕೂತಿರುತ್ತೆ, ಆ ವಿಭಾಗದ ಮ್ಯಾನೇಜರೇ ಮೇಲಿನವರನ್ನು ಪೀಡಿಸುತ್ತಿರುತ್ತಾನೆ, ಹಾಗಾಗಿ ಸಾಮಾನ್ಯವಾಗಿ ಮೊದಲು ತಡೆ ತೆರವಾಗುವುದು ಅಂಥದ್ದಕ್ಕೆ. ಹೊಸ ಲೈನ್ ಬರುತ್ತೆ, ಹೊಸ ಆರ್ಡರ್ ಬರುತ್ತೆ ಅಂತ ಲೆಕ್ಕ ಹಾಕಿ ಸೃಷ್ಟಿಸಿದ ಹುದ್ದೆಯಾದರೆ ಆರ್ಡರ್ ಜೊತೆಗೇ ಹುದ್ದೆಯೂ ಹೋಗಬಹುದು. ಅಂಥದ್ದಕ್ಕೆ ಕಾದು ಕೂರಬೇಡಿ. ಮೂರನೇ ಪ್ರಶ್ನೆಗೆ ಉತ್ತರ ಬರದಿದ್ದರೆ ಕಂಪನಿಯ ಲೆಕ್ಕದ ವರ್ಷ ನೋಡಿ. ಇಲ್ಲಿನ ಕಂಪನಿಗಳದು ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್, ವಿದೇಶಿ ಮೂಲದ ಹಲವಕ್ಕೆ ಜನವರಿಯಿಂದ ಡಿಸೆಂಬರ್. ಹೊಸ ಬಜೆಟ್ ಕೈಗೆ ಬಂದ ಮೊದಲ ಕೆಲವು ವಾರದಲ್ಲೇ ಹೆಚ್ಚಾಗಿ ಇಂಥವು ಕದಲುವುದು. ನಾಲ್ಕನೆಯದು ಯಾಕೆಂದರೆ, ಎಷ್ಟೋ ಕಡೆ ಆರು ತಿಂಗಳು ಕಳೆದರೆ ಮತ್ತೆ ಮೊದಲ ಸುತ್ತಿನಿಂದ ಬನ್ನಿ ಅನ್ನುತ್ತಾರೆ.

ಆಮೇಲೆ ಅವರು ಹೇಳಿದ ತಿಂಗಳಿಗೆ ಒಂದು ಮೇಲ್. ಏನೂ ಹೇಳದಿದ್ದರೆ ನಾಲ್ಕು ವಾರಕ್ಕೊಂದು, ಅದೂ ಹಳೆ ಮೇಲ್‌ಗೇ ಉತ್ತರವಾಗಿ, ಹಿಂದಿನ ಮಾತೆಲ್ಲ ಒಂದೇ ಕಡೆ ಇರುವ ಹಾಗೆ. ರಿಕ್ರೂಟರ್ ಬದಲಾದರೂ ಹೊಸಬರಿಗೆ ಓದಿದರೆ ತಿಳಿಯುತ್ತೆ. ಮೇಲ್ ವಾಪಸ್ ಬಂದರೆ ಆ ರಿಕ್ರೂಟರ್ ಅಲ್ಲಿಲ್ಲ ಅಂತಲೇ ಅರ್ಥ ಮಾಡಿಕೊಂಡು ಮ್ಯಾನೇಜರಿಗೆ ಬರೆಯಿರಿ. ಎರಡು ಮೇಲ್‌ಗೂ ಉತ್ತರ ಇಲ್ಲ ಅಂದರೆ ಮೂರನೆಯದು ಬೇಡ, ನಿಮ್ಮ ಮಟ್ಟಿಗೆ ಅದು ಮುಗಿದ ಕಥೆ.

ಹೋಲ್ಡ್ ಅಂದ ಹುದ್ದೆಯೇ ನೌಕರಿ ಸೈಟಿನಲ್ಲಿ ಮತ್ತೆ ಕಾಣಿಸಿದರೆ ತಕ್ಷಣ ಮೋಸ ಅನ್ನಬೇಡಿ. ಕನ್ಸಲ್ಟೆನ್ಸಿಯವರು ಹಳೆ ಜಾಹೀರಾತನ್ನೇ ಮೇಲಕ್ಕೆ ತಳ್ಳುತ್ತಿರುತ್ತಾರೆ. ಕಂಪನಿಯ ಸ್ವಂತ ಕೆರಿಯರ್ ಪುಟ ತೆರೆದು ನೋಡಿ. ಹಳೆ ರಿಕ್ವಿಸಿಷನ್ ನಂಬರೇ ಇದ್ದರೆ ಅದೇ ಹುದ್ದೆ. ಅದೇ ಕೆಲಸಕ್ಕೆ ಹೊಸ ನಂಬರ್ ಬಂದಿದ್ದರೆ ಹೊಸ ಮಂಜೂರಾತಿ ಸಿಕ್ಕಿರುವ ಸಾಧ್ಯತೆ ಹೆಚ್ಚು. ಆಗ ಹೊಸದಾಗಿ ಅರ್ಜಿ ಹಾಕಿ, ಮ್ಯಾನೇಜರಿಗೆ ಬರೆಯುವ ಮೇಲ್‌ನಲ್ಲಿ ಎರಡೂ ನಂಬರ್ ಕಾಣಿಸಿ. ಹಳೆ ಅರ್ಜಿ ತಾನಾಗಿ ಹೊಸದಕ್ಕೆ ಹೋಗಿ ಸೇರಿಕೊಳ್ಳುತ್ತೆ ಅಂದುಕೊಂಡು ಸುಮ್ಮನಿದ್ದವರು ಪಟ್ಟಿಯಲ್ಲೇ ಇರುವುದಿಲ್ಲ.

‘ಸೀಟ್ ಹಿಡಿದಿಡೋಕೆ ಇಷ್ಟು ಕಟ್ಟಿ, ಫ್ರೀಜ್ ತೆಗೆದ ತಕ್ಷಣ ಮೊದಲ ಹೆಸರು ನಿಮ್ಮದೇ’ ಅನ್ನುವವರು ಇದೇ ಹೊತ್ತಿಗೆ ಬರುತ್ತಾರೆ. ಹುದ್ದೆಗೆ ಮಂಜೂರಾತಿಯೇ ಇಲ್ಲದಿರುವಾಗ ಹಿಡಿದಿಡಲು ಅಲ್ಲಿ ಸೀಟೆಲ್ಲಿದೆ? ದುಡ್ಡೂ ಕೊಡಬೇಡಿ, ಮೂಲ ಅಂಕಪಟ್ಟಿಯನ್ನೂ ಕೊಡಬೇಡಿ.

ಅಕಸ್ಮಾತ್ ‘ಓಪನ್ ಆಯ್ತು, ಯಾವಾಗ ಸೇರ್ತೀರಾ’ ಅಂತ ಫೋನ್ ಬಂದರೆ ಹಳೆ ಬಾಯಿಮಾತಿನ ಸಂಬಳ ಹಾಗೇ ಉಳಿದಿದೆ ಅಂದುಕೊಳ್ಳಬೇಡಿ, ಅದಕ್ಕೂ ಹೊಸದಾಗಿ ಒಪ್ಪಿಗೆ ಆಗಿರಬೇಕು. ಸಂಬಳ, ಸೇರುವ ದಿನ, ಸಹಿ ಮೂರೂ ಇರುವ ಆಫರ್ ಲೆಟರ್ ಕೇಳಿ. ‘ಲೆಟರ್ ನಾಳೆ ಬರುತ್ತೆ ಸರ್, ನೀವು ನೋಟಿಸ್ ಹಾಕಿ’ ಅಂದರೆ, ‘ಲೆಟರ್ ಬಂದ ದಿನದಿಂದ 60 ದಿನ ಎಣಿಸಿಕೊಳ್ಳಿ ಮೇಡಂ’ ಅಂತ ಮೇಲ್‌ನಲ್ಲೇ ಉತ್ತರಿಸಿ. ಮನೆಗೆ ಅಡ್ವಾನ್ಸ್ ಕೊಡುವುದೂ ಅದಾದ ಮೇಲೆಯೇ. ಮೇಟಗಳ್ಳಿಯ ಮನೆ ಮಾಲೀಕರು ಆ 40,000ದಲ್ಲಿ ಎರಡು ತಿಂಗಳ ಬಾಡಿಗೆ ಹಿಡಿದುಕೊಂಡೇ ಉಳಿದದ್ದನ್ನು ವಾಪಸ್ ಕೊಟ್ಟಿದ್ದು.