ಜಾಯ್ನಿಂಗ್ ಬೋನಸ್ ನೋಡಿ ಕೆಲಸ ಆರಿಸುವವರಿಗೆ: ನಾನು ಲೆಕ್ಕ ತಪ್ಪಿದ್ದು ಎಲ್ಲಿ

ಪದವಿ ಮುಗಿದಾಗ ನನ್ನ ಕೈಯಲ್ಲಿ ಎರಡು ಆಫರ್ ಲೆಟರ್‌ಗಳಿದ್ದವು. ಮಂಗಳೂರಿನ ಕಂಪನಿ ವರ್ಷಕ್ಕೆ 5,40,000 ರೂಪಾಯಿ ಸಂಬಳ ಮತ್ತು ಮೊದಲ ತಿಂಗಳ ಸಂಬಳದ ಜೊತೆಗೆ 1,50,000 ರೂಪಾಯಿ ಜಾಯ್ನಿಂಗ್ ಬೋನಸ್ ಕೊಡುವುದಾಗಿ ಬರೆದಿತ್ತು. ಉಡುಪಿಯ ಕಂಪನಿಯಲ್ಲಿ ಬೋನಸ್ ಇರಲಿಲ್ಲ, ಸಂಬಳ ಮಾತ್ರ 6,00,000. ನಮ್ಮ ಮನೆ ಪಡುಬಿದ್ರಿಯಲ್ಲಿರುವುದರಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದರೆ ಎರಡೂ ಊರು ಹೆಚ್ಚುಕಡಿಮೆ ಒಂದೇ. ಹಾಗಾಗಿ ಹಣದ ಲೆಕ್ಕವೊಂದೇ ಉಳಿಯಿತು.

ಮೂರು ವರ್ಷ ಒಂದೇ ಕಡೆ ಇರುತ್ತೇನೆ ಎಂದುಕೊಂಡೆ. ವರ್ಷಕ್ಕೆ 60,000 ರೂಪಾಯಿಯಂತೆ ಉಡುಪಿಯಿಂದ ಹೆಚ್ಚುವರಿಯಾಗಿ ಬರುವುದು 1,80,000. ಆದರೆ ಮುಂದೆ ಬರುವ ರೂಪಾಯಿ ಇಂದು ಕೈಗೆ ಬರುವ ರೂಪಾಯಿಗೆ ಸಮವಲ್ಲ. ನನ್ನ ಶಿಕ್ಷಣ ಸಾಲದ ಬಡ್ಡಿ ಶೇ. 12 ಇತ್ತು, ಬೋನಸ್ ಬಂದರೆ ಸಾಲಕ್ಕೇ ಕಟ್ಟುವುದೆಂದು ತೀರ್ಮಾನವಾಗಿತ್ತು. ಆದ್ದರಿಂದ ಮುಂದಿನ ಹಣವನ್ನು ಅದೇ ದರದಲ್ಲಿ ತಗ್ಗಿಸಿ, ಸ್ಪ್ರೆಡ್‌ಶೀಟ್‌ನ NPV ಸೂತ್ರದಿಂದ ಇಂದಿನ ಮೌಲ್ಯವನ್ನು ಕಂಡುಹಿಡಿದೆ:

```
=NPV(12%,60000,60000,60000)
```

ಉತ್ತರ 1,44,110 ಬಂತು. ಬೋನಸ್ 1,50,000. ಸುಮಾರು 5,900 ರೂಪಾಯಿಯಿಂದ ಮಂಗಳೂರು ಗೆದ್ದಿತು. ಬ್ಯಾಂಕಿನಿಂದ ನಿವೃತ್ತರಾದ ನನ್ನ ಸೋದರಮಾವನಿಗೆ ಈ ಹಾಳೆ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ದರವೊಂದನ್ನೇ ನೋಡಿ, “ದರ ಸರಿಯಾಗಿ ಹಿಡಿದಿದ್ದೀಯಾ” ಎಂದರು. ಆಫರ್ ಲೆಟರನ್ನು ನಾನು ತೋರಿಸಿರಲಿಲ್ಲ, ಅವರು ಕೇಳಲೂ ಇಲ್ಲ. ದರ ನಿಜವಾಗಿಯೂ ಸರಿಯಾಗಿಯೇ ಇತ್ತು. ತಪ್ಪು ಬೇರೆ ಕಡೆ ಇತ್ತು.

ಮೊದಲನೆಯದಾಗಿ, ಸಂಬಳ ಏರುವುದು ಶೇಕಡಾವಾರು ಲೆಕ್ಕದಲ್ಲಿ. ಎರಡೂ ಕಡೆ ವರ್ಷಕ್ಕೆ ಶೇ. 8ರಷ್ಟು ಏರಿದರೆ 60,000 ರೂಪಾಯಿಯ ಅಂತರವು ಎರಡನೆಯ ವರ್ಷ 64,800 ಆಗುತ್ತದೆ, ಮೂರನೆಯ ವರ್ಷ 69,984. ಇದನ್ನು ಅದೇ ದರದಲ್ಲಿ ತಗ್ಗಿಸಿದರೆ ಇಂದಿನ ಮೌಲ್ಯ 1,55,043. ಅಂದರೆ ಈ ಒಂದು ತಿದ್ದುಪಡಿಗೇ ಫಲಿತಾಂಶ ತಿರುಗಿಬಿಡುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ: NPV ಸೂತ್ರವು ಪ್ರತಿ ಮೊತ್ತವೂ ವರ್ಷದ ಕೊನೆಯ ದಿನ ಬರುತ್ತದೆ ಎಂದು ಭಾವಿಸುತ್ತದೆ, ಸಂಬಳವಾದರೋ ತಿಂಗಳು ತಿಂಗಳು ಬರುತ್ತದೆ. ಸರಾಸರಿಯಾಗಿ ವರ್ಷದ ಮಧ್ಯದಲ್ಲಿ ಬರುತ್ತದೆಂದು ಹಿಡಿದರೆ ಮೌಲ್ಯ ಸುಮಾರು 1,64,000ಕ್ಕೆ ಏರುತ್ತದೆ. ಗೆದ್ದೆನೆಂದುಕೊಂಡಿದ್ದ ನಾನು 14,000 ರೂಪಾಯಿ ಸೋತಿದ್ದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಲೆಟರಿನ ಎಂಟನೆಯ ಪುಟದಲ್ಲಿ, ರಜೆಯ ನಿಯಮಗಳ ಕೆಳಗೆ, ಸೇರಿದ ದಿನದಿಂದ 24 ತಿಂಗಳೊಳಗೆ ಉದ್ಯೋಗಿ ತಾನಾಗಿ ಕೆಲಸ ಬಿಟ್ಟರೆ ಬೋನಸ್ಸಿನ ಪೂರ್ತಿ ಮೊತ್ತವನ್ನು ಹಿಂದಿರುಗಿಸಬೇಕು ಎಂಬ ಒಂದು ಸಾಲಿತ್ತು. ದುಡಿದ ತಿಂಗಳುಗಳಿಗೆ ತಕ್ಕಂತೆ ಕಡಿತವೆಂಬ ಮಾತು ಅಲ್ಲಿರಲಿಲ್ಲ. ಸಹಿ ಹಾಕುವಾಗ ಅದನ್ನು ಓದಿದ್ದೆ, ಆದರೆ ನನಗೆ ಅನ್ವಯಿಸುವ ಮಾತೆಂದು ಅನಿಸಿರಲಿಲ್ಲ.

ಹದಿನೆಂಟನೆಯ ತಿಂಗಳಲ್ಲಿ ನಮ್ಮ ತಂಡವನ್ನು ಹೈದರಾಬಾದಿಗೆ ವರ್ಗಾಯಿಸಿದರು. ಮನೆಯಲ್ಲಿ ಅಮ್ಮ ಒಬ್ಬರೇ ಇರುವುದರಿಂದ ನಾನು ಹೋಗಲಾರೆನೆಂದಾಗ, ಹಾಗಿದ್ದರೆ ರಾಜೀನಾಮೆ ಕೊಡಬಹುದು ಎಂದರು. ಕಾಗದದ ಮೇಲೆ ಅದು ಸ್ವಇಚ್ಛೆಯ ರಾಜೀನಾಮೆ. ಕೊನೆಯ ತಿಂಗಳ ಸಂಬಳವನ್ನು ಹಿಡಿದುಕೊಂಡು, ಉಳಿದ ಸುಮಾರು ಒಂದು ಲಕ್ಷ ಕಟ್ಟಿದ ಮೇಲಷ್ಟೇ ರಿಲೀವಿಂಗ್ ಲೆಟರ್ ಎಂದರು. ಬೋನಸ್ ಆಗಲೇ ಸಾಲದ ಖಾತೆಗೆ ಹೋಗಿಯಾಗಿತ್ತು. ಅಮ್ಮ ಕೈಯಿಂದ ಎರಡು ಬಳೆ ಕಳಚಿಕೊಟ್ಟರು. ಅವನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟು ಹಣ ಕಟ್ಟಿದೆ.

ಈಗ ನೋಡಿದರೆ ಅದು ಬೋನಸ್ ಆಗಿರಲಿಲ್ಲ, 18 ತಿಂಗಳ ಕೈಗಡವಾಗಿತ್ತು. ಅದರಿಂದ ಶೇ. 12ರಂತೆ ಸಾಲದ ಬಡ್ಡಿಯಲ್ಲಿ ನನಗೆ ಉಳಿದದ್ದು ಸುಮಾರು 27,000. ಅದಕ್ಕಾಗಿ ಬಿಟ್ಟುಕೊಟ್ಟದ್ದು ಉಡುಪಿಯ ಸಂಬಳದ ಅಂತರ: ಮೊದಲ ವರ್ಷದ 60,000 ಮತ್ತು ಮುಂದಿನ ಆರು ತಿಂಗಳ 32,400, ಒಟ್ಟು 92,400. ನನ್ನ ಆದಾಯಕ್ಕೆ ತೆರಿಗೆ ಬರಲಿಲ್ಲವೆಂಬುದೊಂದು ಸಮಾಧಾನ. ಹೆಚ್ಚು ಸಂಬಳದವರು ತೆರಿಗೆ ಕಡಿತವಾದ ಮೇಲಿನ ಬೋನಸ್ ಪಡೆದು, ಕಡಿತಕ್ಕೆ ಮೊದಲಿನ ಪೂರ್ತಿ ಮೊತ್ತವನ್ನು ಹಿಂದಿರುಗಿಸಬೇಕಾಗಿ ಬರಬಹುದು. ಹಿಂದಿರುಗಿಸಬೇಕಾದದ್ದು ಇವೆರಡರಲ್ಲಿ ಯಾವ ಮೊತ್ತ ಎಂಬುದನ್ನೂ ಲೆಟರಿನಲ್ಲಿ ಹುಡುಕಿ ನೋಡಿ.

ಮುಂದಿನ ಕೆಲಸದ ಸಂದರ್ಶನದಲ್ಲಿ ಎಚ್‌ಆರ್‌ನವರು ಬೋನಸ್ ಬಗ್ಗೆ ಕೇಳಲೇ ಇಲ್ಲ, ಫಿಕ್ಸೆಡ್ ಸಂಬಳ ಎಷ್ಟೆಂದು ಮಾತ್ರ ಕೇಳಿದರು. 5,83,200 ಎಂದೆ. ಅದರ ಮೇಲೆ ಶೇ. 20 ಸೇರಿಸಿ 6,99,840 ಕೊಟ್ಟರು. ಉಡುಪಿಯಲ್ಲಿದ್ದಿದ್ದರೆ ಆ ಹೊತ್ತಿಗೆ 6,48,000 ಎನ್ನುತ್ತಿದ್ದೆ, ಅದೇ ಶೇ. 20ಕ್ಕೆ 7,77,600 ಆಗುತ್ತಿತ್ತು. ಆ 77,760ರ ಅಂತರ ಈಗ ಪ್ರತಿ ವರ್ಷವೂ ನನ್ನ ಜೊತೆಗಿದೆ, ನನ್ನ ಹಳೆಯ ಹಾಳೆಯಲ್ಲಿ ಅದಕ್ಕೆ ಸಾಲೇ ಇರಲಿಲ್ಲ.