ಉದ್ದದ ಎಐ ಚಾಟ್‌ನಲ್ಲಿ ‘ಆಗ ಏನು ಹೇಳಿದ್ದೆ’ ಅಂತ ಕೇಳಿ ದುಡ್ಡು ಕಟ್ಟಬೇಡಿ

ಮನೆ ಕೆಲಸದ ಲೆಕ್ಕವನ್ನೆಲ್ಲ ಒಂದೇ ಎಐ ಚಾಟ್‌ನಲ್ಲಿ ಇಟ್ಟುಕೊಂಡಿರುವವರು ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ಬರೆಯೋಕೇ ನಾಚಿಕೆ ಆಗ್ತಿದೆ, ಆದರೂ ಬರೀತಿದೀನಿ.

ಅಡುಗೆಮನೆಗೂ ಎರಡು ವಾರ್ಡ್‌ರೋಬಿಗೂ ಪ್ಲೈವುಡ್ ಎಷ್ಟು ಬೇಕು ಅನ್ನೋ ಲೆಕ್ಕ ಒಂದೇ ಚಾಟ್‌ನಲ್ಲಿ ಒಂಬತ್ತು ದಿನ ನಡೀತು. ಮೊದಲ ದಿನ 18 ಎಂಎಂ, ಎಂಟು-ನಾಲ್ಕಡಿಯ ಶೀಟು 14 ಅಂತ ಬಂತು. ನಾಲ್ಕನೇ ದಿನ ಲಾಫ್ಟ್ ಬೇಡ ಅಂತ ತೀರ್ಮಾನ ಆಗಿ 11ಕ್ಕೆ ಇಳೀತು. ಆಮೇಲೆ ಮಾತು ಹಿಂಜು, ಚಾನೆಲ್, ಲ್ಯಾಮಿನೇಟ್ ಬಣ್ಣ, ಸಿಂಕಿನ ಅಳತೆ ಅಂತ ಎಲ್ಲೆಲ್ಲೋ ಹೋಯ್ತು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೊರಡೋ ದಿನ, ಕೊನೆಗೆ ಎಷ್ಟು ಶೀಟು ಅಂತ ಹೇಳಿದ್ದು ಅಂತ ಅಲ್ಲೇ ಕೇಳಿದೆ. 14 ಅಂತ ಉತ್ತರ. ಬರೀ 14 ಅಲ್ಲ, ‘ಹಿಂದೆ ಅಂತಿಮ ಮಾಡಿದಂತೆ’ ಅನ್ನೋ ಮಾತು ಬೇರೆ. ಅನುಮಾನದ ಸುಳಿವೇ ಇಲ್ಲ.

ಶೀಟು ಇಳಿಸಿದ ಮೇಲೆ ಕಾರ್ಪೆಂಟರ್ ಎಣಿಸಿ ಕೇಳಿದರು: “ಮೇಡಂ, ಲಾಫ್ಟ್ ಬೇಡ ಅಂದ್ರಲ್ಲ, ಮತ್ತೆ ಹದಿನಾಲ್ಕು ಯಾಕೆ ತರಿಸಿದ್ರಿ?” ಬಿಲ್ ಆಗಿ ಗಾಡಿಯಿಂದ ಇಳಿದ ಶೀಟನ್ನು ಅಂಗಡಿಯವರು ವಾಪಸ್ ತಗೊಳಲ್ಲ. ಮೂರು ಶೀಟು ದಂಡ.

ಮೇಲಕ್ಕೆ ಸ್ಕ್ರೋಲ್ ಮಾಡಿದರೆ 11 ಅಂತ ಸ್ಪಷ್ಟವಾಗಿ ಇತ್ತು! ಸಿಟ್ಟಿಗೆ ಬೇಕಂತಲೇ ಇನ್ನೊಂದು ಪರೀಕ್ಷೆ ಮಾಡಿದೆ: ನೀನು 12 ಅಂತ ಹೇಳಿದ್ದೆ ಅಲ್ಲವಾ ಅಂತ. ಕ್ಷಮೆ ಕೇಳಿ, ಹೌದು 12 ಅಂತಲೇ ಹೇಳಿದ್ದು ಅಂತ ಬಂತು. ಶೀಟಿನ ಲೆಕ್ಕದಲ್ಲಿ 12 ಅನ್ನೋ ಸಂಖ್ಯೆ ಇಡೀ ಚಾಟ್‌ನಲ್ಲಿ ಎಲ್ಲೂ ಇಲ್ಲ. ಎಲ್ಲೂ ಇಲ್ಲ. ಹೊಟ್ಟೆ ಉರಿದಿದ್ದು ಮೂರು ಶೀಟಿಗಿಂತ ಈ ಕ್ಷಮೆಗೆ.

ಹೀಗೆ ಯಾಕೆ ಆಗುತ್ತೆ ಅಂತ ತಿಳ್ಕೊಳ್ಳಿ. ನಾವು ಕೇಳಿದಾಗ ಚಾಟ್‌ನಲ್ಲಿ ಉತ್ತರ ಕೊಡೋ ಎಐ ಮಾಡೆಲ್ ಹಿಂದಿನ ಪುಟ ತೆಗೆದು ನೋಡಲ್ಲ. ಪ್ರತಿ ಸಲ ಇಡೀ ಸಂಭಾಷಣೆಯ ಪಠ್ಯ ಮತ್ತೆ ಅದರೊಳಗೆ ಹೋಗುತ್ತೆ, ಅದರ ಮೇಲೆ ಮುಂದಿನ ಪದ ಯಾವುದು ಬರಬಹುದು ಅಂತ ಒಂದೊಂದೇ ಹುಟ್ಟುತ್ತೆ. ‘ಹಿಂದೆ ಹೀಗೆ ಹೇಳಿದ್ದೆ’ ಅನ್ನೋ ವಾಕ್ಯವೂ ಹಾಗೇ ಹೊಸದಾಗಿ ಹುಟ್ಟಿದ್ದು, ನಕಲು ತೆಗೆದದ್ದಲ್ಲ. ಚಾಟ್‌ನಲ್ಲಿ 14 ಅನ್ನೋದು ಹತ್ತಾರು ಕಡೆ ಇತ್ತು, 11 ಒಂದೇ ಕಡೆ, ಅದೂ ನಡುಮಧ್ಯದಲ್ಲಿ. ನಾವು ತಿದ್ದಿದ್ದೀವಿ ಅಂತ ಹಳೇ ಸಂಖ್ಯೆ ಅಳಿಸಿ ಹೋಗಲ್ಲ. ಎರಡೂ ಪಕ್ಕಪಕ್ಕ ಕೂತಿರುತ್ತವೆ, ಜಾಸ್ತಿ ಸಲ ಬಂದದ್ದು ಎಳೆಯುತ್ತೆ. ಉದ್ದದ ಪಠ್ಯದ ಆರಂಭ ಮತ್ತು ಕೊನೆಯಲ್ಲಿರೋದನ್ನು ಮಾಡೆಲ್‌ಗಳು ಚೆನ್ನಾಗಿ ಹಿಡಿಯುತ್ತವೆ, ನಡುವಿನದು ಜಾರುತ್ತೆ ಅಂತ 2023ರಲ್ಲೇ ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಂತರದ ಮಾಡೆಲ್‌ಗಳು ಸುಧಾರಿಸಿವೆ, ಆದರೆ ಒಂದೇ ಥರದ ಸಂಖ್ಯೆಗಳು ಗಿಜಿಗುಟ್ಟೋ ಉದ್ದನೆಯ ಚಾಟ್‌ನಲ್ಲಿ ಈ ಜಾರಾಟ ಇನ್ನೂ ಇದೆ.

ಇನ್ನೊಂದು, ಒಳಗೆ ಹಿಡಿಸೋ ಪಠ್ಯಕ್ಕೂ ಮಿತಿ ಇದೆ. ಅದನ್ನು ಟೋಕನ್‌ಗಳಲ್ಲಿ ಅಳೆಯುತ್ತಾರೆ, ಟೋಕನ್ ಅಂದರೆ ಪದದ ಚೂರು. ಮಿತಿ ಮೀರಿದಾಗ ಕೆಲವು ಆಪ್‌ಗಳು ಹಳೆಯದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ, ಕೆಲವು ಸಾರಾಂಶ ಮಾಡಿ ಇಟ್ಟುಕೊಳ್ಳುತ್ತವೆ. ನಮ್ಮ ಪರದೆ ಮೇಲೆ ಎಲ್ಲಾ ಕಾಣ್ತಾನೇ ಇರುತ್ತೆ, ಅಲ್ಲೇ ನಾವು ಮೋಸ ಹೋಗೋದು. ಕನ್ನಡ ಲಿಪಿಯಲ್ಲಿ ಬರೆದರೆ ಅದೇ ವಿಷಯಕ್ಕೆ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಬೀಳುತ್ತೆ, ಅಂದರೆ ಮಿತಿ ಬೇಗ ಮುಟ್ಟುತ್ತೆ.

ಅನುಮಾನ ಬಂದರೆ, ಆ ಮಾತಿನ ಪೂರ್ತಿ ವಾಕ್ಯವನ್ನು ಇದ್ದ ಹಾಗೇ ಕೊಡು ಅಂತ ಕೇಳಿ, ಆಮೇಲೆ ಆ ವಾಕ್ಯವನ್ನು ನೀವೇ ಚಾಟ್‌ನಲ್ಲಿ ಹುಡುಕಿ. ಸಿಗದಿದ್ದರೆ ಅದನ್ನು ನಂಬಬೇಡಿ. ಕಂಪ್ಯೂಟರ್ ಆದರೆ `Ctrl+F`, ಆದರೆ ಉದ್ದನೆಯ ಚಾಟ್‌ನ ಹಳೇ ಭಾಗ ಲೋಡ್ ಆಗಿರದೇ ಇರಬಹುದು, ಮೊದಲು ತುದಿವರೆಗೆ ಸ್ಕ್ರೋಲ್ ಮಾಡಿ. ‘12 ಅಂದಿದ್ದೆ ಅಲ್ವಾ’ ಅಂತ ಸಂಖ್ಯೆ ನೀವೇ ಬಾಯಿಗಿಟ್ಟು ಕೇಳಲೇಬೇಡಿ, ಅದು ಹೌದು ಅಂದುಬಿಡಬಹುದು.

ತೀರ್ಮಾನ ಆದ ತಕ್ಷಣ ಒಂದು ಸಾಲು ನೋಟ್‌ಬುಕ್ಕಿಗೋ ಫೋನಿನ ನೋಟ್ಸಿಗೋ ಬರೆದಿಡಿ: ‘18 ಎಂಎಂ, 11 ಶೀಟು, ಲಾಫ್ಟ್ ಇಲ್ಲ’. ನಾಲ್ಕೈದು ದಿನಕ್ಕೊಮ್ಮೆ ಆ ಪಟ್ಟಿ ಮಾತ್ರ ಅಂಟಿಸಿ ಹೊಸ ಚಾಟ್ ಶುರು ಮಾಡಿ. ಆಪ್ ಹಳೇ ಚಾಟ್‌ಗಳಿಂದ ನೆನಪು ಎತ್ತಿಕೊಳ್ಳದಿದ್ದರೆ ಹಳೇ 14 ಅದರೊಳಗೆ ಇರಲ್ಲ, ಎಳೆಯೋಕೂ ಆಗಲ್ಲ.