ಒಂದೇ ಅಳತೆಗೆ ನೂರಾರು ಫೋಟೋ: ಲೈಟ್‌ರೂಮ್ ಸಿಂಕ್ ಚಲೋನೋ, ಮುಖ ಹುಡುಕುವ ಸ್ಕ್ರಿಪ್ಟ್ ಚಲೋನೋ?

ಬೆಳಗಾವಿಯ ಮದುವೆ ಆಲ್ಬಮ್ಮಿಗೆ 8×10 ಪ್ರಿಂಟ್ ಬೇಕೆಂದರೆ ಅನುಪಾತ 5:4. ಕ್ಯಾಮೆರಾದ 6000×4000 ಫೋಟೋದಲ್ಲಿ ಅಗಲ 5000ಕ್ಕೆ ಇಳಿಯುತ್ತದೆ.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಫೋಟೋ ಕ್ರಾಪ್ ಮಾಡಿ Sync ಒತ್ತಿದರೆ ಅದೇ ಜಾಗ ಎಲ್ಲದಕ್ಕೂ ಕೂರುತ್ತದೆ. ಜೋಡಿ ನಡುವೆ ನಿಂತ ಚಿತ್ರಗಳಿಗೆ ಇಷ್ಟು ಸಾಕು, ಆಮೇಲೆ ಬೇಕಾದ್ದನ್ನು ಸರಿಸಲೂ ಬರುತ್ತದೆ. ತೊಂದರೆ ಗುಂಪು ಫೋಟೋದಲ್ಲಿ: ಎರಡೂ ಬದಿ 500 ಪಿಕ್ಸೆಲ್ ಹೋದಾಗ ಅಂಚಿನ ಸೋದರಮಾವನ ಮುಖ ಅರ್ಧವಾಗುತ್ತದೆ.

ಚಿತ್ರ ವಿಶ್ಲೇಷಿಸುವ ಉಚಿತ ಸಾಫ್ಟ್‌ವೇರ್ ಸಂಗ್ರಹ ಓಪನ್‌ಸಿವಿಯ ಮುಖಪತ್ತೆ ಬಳಸಿ ಬರೆದ ಸ್ಕ್ರಿಪ್ಟ್ ಪ್ರತಿ ಫೋಟೋಗೂ ಚೌಕಟ್ಟನ್ನು ಬೇರೆಯಾಗಿ ಸರಿಸಬಲ್ಲದು. ಎಡ ಅಂಚಿನಿಂದ ಎಣಿಸಿ ಮುಖಗಳು 300ನೇ ಪಿಕ್ಸೆಲ್‌ನಿಂದ 4900ರವರೆಗೆ ಇದ್ದರೆ ಕ್ರಾಪ್ 100ರಿಂದ 5100. ಎರಡೂ ಕಡೆ 200 ಉಳಿಯಿತು. ಮುಖಗಳೇ 5400 ಹರಡಿದ್ದರೆ ಯಾವ ಕ್ರಾಪೂ ಸಾಲದು. ಅಂಥದ್ದನ್ನು ಕತ್ತರಿಸದೆ, ಮೇಲೆ ಕೆಳಗೆ 400ರಂತೆ ಬಿಳಿ ಅಂಚು ಕೊಟ್ಟು 6000×4800 ಮಾಡಬೇಕು.

ಆದರೆ ಬಾಸಿಂಗದ ಎಳೆ ಮುಖ ಮುಚ್ಚಿದಾಗ, ಅಕ್ಷತೆ ಹಾಕುವವರು ಪಕ್ಕಕ್ಕೆ ತಿರುಗಿದಾಗ ಪತ್ತೆ ತಪ್ಪುತ್ತದೆ. ಒಂದೂ ಮುಖ ಸಿಗದ ಫೋಟೋಗಳನ್ನು ಬೇರೆ ಫೋಲ್ಡರ್‌ಗೆ ಹಾಕಿಸಿ. ಕೆಲವೇ ಮುಖ ತಪ್ಪಿದ್ದು ಅಲ್ಲಿಗೆ ಬರುವುದಿಲ್ಲ, ಹಾಗಾಗಿ ಗುಂಪು ಫೋಟೋಗಳ ಅಂಚನ್ನು ಕಣ್ಣಾರೆ ನೋಡಲೇಬೇಕು.

ಗುಂಪು ಫೋಟೋ ಬೆರಳೆಣಿಕೆಯಷ್ಟಿದ್ದರೆ ಸಿಂಕ್ ಮಾಡಿ ಕೈಯಿಂದಲೇ ಸರಿಪಡಿಸಿ. ನೂರು ದಾಟಿದರೆ ಸ್ಕ್ರಿಪ್ಟೇ ಲೇಸು.